ಮಳೆಗಾಲಕ್ಕೆ ಟಿವಿ ಜೋಪಾನ

ಎಲ್ಲರಿಗೂ ನಮಸ್ಕಾರ. ಟಿವಿಗೆ ಪ್ಲಾಸ್ಟಿಕ್ ಹೊದಿಸಿ ಇಡಬೇಡಿ. ಒಳಗಿನ ತೇವ ಹೊರಗೆ ಹೋಗಲ್ಲ. ಹೋದ ಆಷಾಢದಲ್ಲಿ ನಾವು ಹಾಗೆ ಮಾಡಿ ಹತ್ತು ದಿನ ತೀರ್ಥಹಳ್ಳಿಗೆ ಹೋಗಿದ್ದೆವು. ಬಂದ ತಕ್ಷಣ ಆನ್ ಮಾಡಿದೆವು, ಪರದೆ ತುಂಬ ಉದ್ದುದ್ದ ಗೆರೆ! ರಿಪೇರಿಯವರು ಬಿಚ್ಚಿದರೆ ಬೋರ್ಡಿನ ಮೇಲೆ ಹಸಿರು ಕಿಲುಬು, ಮೂಲೆಯಲ್ಲಿ ಇರುವೆ ಮೊಟ್ಟೆ.

ದಿನಾ ಒಂದು ಗಂಟೆಯಾದರೂ ಟಿವಿ ಹಾಕಿ, ಆ ಬಿಸಿಗೆ ಒಳಗಿನ ತೇವ ಆರುತ್ತದೆ. ಮಳೆ ಹೊಡೆಯುವ ಗೋಡೆಗೆ ಅಂಟಿಸಬೇಡಿ, ಹಿಂದೆ ನಾಲ್ಕು ಬೆರಳು ಜಾಗ ಇರಲಿ. ಧೂಳಿಗೆ ತೆಳು ಹತ್ತಿ ಬಟ್ಟೆ ಸಾಕು, ಟಿವಿ ಹಾಕುವಾಗ ಅದನ್ನು ತೆಗೆಯಿರಿ. ಇರುವೆ ಬಂದರೆ ಟಿವಿಗೆ ಸ್ಪ್ರೇ ಹೊಡೆಯಬೇಡಿ, ಗೋಡೆಯ ಸಾಲಿಗಷ್ಟೇ ಹೊಡೆಯಿರಿ. ಊರಿಂದ ಬಂದರೆ ಕಿಟಕಿ ತೆಗೆದು, ಅರ್ಧ ದಿನ ಫ್ಯಾನ್ ಗಾಳಿ ಬಿಟ್ಟು ಆಮೇಲೆ ಆನ್ ಮಾಡಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ಗಿನ ಜೊತೆ ಡಿಶ್ ವೈರನ್ನೂ ಕಿತ್ತಿಡಿ.