ಅಕ್ಕನ ಮನೆಯ ಹಣ ಕಳುಹಿಸುವ ಮುನ್ನ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನ್ಯೂಜೆರ್ಸಿಯಲ್ಲಿ ನಿನ್ನ ಅಕ್ಕ ಕೊಳ್ಳಲಿರುವ ಮನೆಯ ಡೌನ್ ಪೇಮೆಂಟಿಗೆ ನಿಮ್ಮಪ್ಪ ಒಂದು ಲಕ್ಷ ಡಾಲರನ್ನು ಉಡುಗೊರೆಯಾಗಿ ಕಳುಹಿಸುತ್ತಾನೆಂದೂ, ಬ್ಯಾಂಕಿನ ಓಡಾಟ ನಿನ್ನ ಪಾಲಿಗೆ ಬಂದಿದೆಯೆಂದೂ ತಿಳಿಯಿತು. ಹಿಂದೊಮ್ಮೆ ನಾನು 40,000 ಡಾಲರ್ ಕಳುಹಿಸಿದಾಗ ತೋರಿಸಿದಲ್ಲೆಲ್ಲ ಸಹಿ ಮಾಡಿ ಬಂದಿದ್ದೆ. ಮನೆಗೆ ಬಂದು ಡೆಬಿಟ್ ಚೀಟಿಯ ಮೂಲೆಯಲ್ಲಿದ್ದ ದರವನ್ನು ಆ ದಿನದ ಮಾರುಕಟ್ಟೆ ದರದೊಡನೆ ಹೋಲಿಸಿದಾಗ ಡಾಲರಿಗೆ ಒಂದೂವರೆ ರೂಪಾಯಿ, ಅಂದರೆ ಒಟ್ಟು 60,000 ರೂಪಾಯಿ ಹೆಚ್ಚು ತೆತ್ತಿರುವುದು ಗೊತ್ತಾಯಿತು. ಆ ನಷ್ಟ ನಿಮಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಶಾಖೆಯಲ್ಲಿ ನಾವು ಏನೂ ಕೇಳದಿದ್ದರೆ ಹಾಕುವುದು ಕಾರ್ಡ್ ರೇಟ್. ಅದನ್ನು ಬೆಳಿಗ್ಗೆಯೇ ನಿಗದಿ ಮಾಡಿರುತ್ತಾರೆ. ದಿನದ ಏರಿಳಿತ ತಮ್ಮ ಮೇಲೆ ಬೀಳದಂತೆ ಅದರಲ್ಲಿ ಧಾರಾಳವಾಗಿ ಅಂತರ ಸೇರಿರುತ್ತದೆ. ಸಣ್ಣ ಮೊತ್ತಕ್ಕೆ ಅದು ನಡೆದೀತು. ದೊಡ್ಡ ಮೊತ್ತಕ್ಕೆ ಬ್ಯಾಂಕಿನ ಟ್ರೆಷರಿ ವಿಭಾಗ ಆ ಕ್ಷಣದ ಇಂಟರ್‌ಬ್ಯಾಂಕ್ ದರದ, ಅಂದರೆ ಬ್ಯಾಂಕುಗಳು ತಮ್ಮತಮ್ಮಲ್ಲಿ ಡಾಲರ್ ಕೊಂಡು ಮಾರುವ ಮಾರುಕಟ್ಟೆ ದರದ ಮೇಲೆ ಕೆಲವು ಪೈಸೆ ಸೇರಿಸಿ ಬೇರೆ ದರ ಕೊಡಬಲ್ಲದು, ಆದರೆ ಅದನ್ನು ಬಾಯಿಬಿಟ್ಟು ಕೇಳಬೇಕು. ಮ್ಯಾನೇಜರನ್ನು ‘ಸ್ವಲ್ಪ ಕಡಿಮೆ ಮಾಡಿ’ ಎಂದು ಬೇಡಬೇಡ. ‘ಈಗಿನ ಇಂಟರ್‌ಬ್ಯಾಂಕ್ ದರದ ಮೇಲೆ ಎಷ್ಟು ಪೈಸೆ ಹಾಕುತ್ತೀರಿ?’ ಎಂದು ಕೇಳು. ನಿಮ್ಮ ಮೊತ್ತಕ್ಕೆ ಹತ್ತು ಪೈಸೆಯೆಂದರೆ ಹತ್ತು ಸಾವಿರ ರೂಪಾಯಿ.

ಮೂರು ಕಡೆ ವಿಚಾರಿಸು: ಅಪ್ಪನ ಖಾತೆಯಿರುವ ಬ್ಯಾಂಕು, ಇನ್ನೊಂದು ಬ್ಯಾಂಕು, ಮತ್ತು ಬ್ಯಾಂಕಿನ ಮೂಲಕವೇ ಹಣ ರವಾನಿಸುವ ಒಂದು ಆನ್‌ಲೈನ್ ಸಂಸ್ಥೆ. ಮೂವರನ್ನೂ ಒಂದೇ ದಿನ, ಅರ್ಧ ಗಂಟೆಯೊಳಗೆ ಕೇಳಬೇಕು. ಬೆಳಿಗ್ಗೆ ಹತ್ತಕ್ಕೆ ಒಬ್ಬರು ಹೇಳಿದ ದರವನ್ನು ಮಧ್ಯಾಹ್ನ ಮೂರಕ್ಕೆ ಇನ್ನೊಬ್ಬರು ಹೇಳಿದ ದರದೊಡನೆ ಹೋಲಿಸಿದರೆ, ಕಾಣುವ ವ್ಯತ್ಯಾಸ ಮಾರುಕಟ್ಟೆಯದೋ ಅವರ ಲಾಭದ್ದೋ ತಿಳಿಯುವುದಿಲ್ಲ. ಎಲ್ಲರಿಗೂ ಪ್ರಶ್ನೆ ಒಂದೇ ಇರಲಿ: ಅಕ್ಕನ ಖಾತೆಗೆ ಒಂದು ಡಾಲರೂ ಕಡಿಮೆಯಾಗದೆ ಪೂರ್ತಿ ಒಂದು ಲಕ್ಷ ಸೇರಬೇಕಾದರೆ ಅಪ್ಪನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ?

ಲೆಕ್ಕಕ್ಕಾಗಿ ಆ ಹೊತ್ತಿನ ಇಂಟರ್‌ಬ್ಯಾಂಕ್ ದರ 88 ರೂಪಾಯಿ ಎಂದಿಟ್ಟುಕೊಳ್ಳೋಣ. ಅಪ್ಪನ ಬ್ಯಾಂಕು ಕಾರ್ಡ್ ರೇಟಿನಂತೆ 89.40 ಎನ್ನುತ್ತದೆ, ಜೊತೆಗೆ ಸಾವಿರ ರೂಪಾಯಿ ಶುಲ್ಕ. ಎರಡನೆಯದು 88.55 ಎನ್ನುತ್ತದೆ. ಆನ್‌ಲೈನ್ ಸಂಸ್ಥೆ 88.25, ಶುಲ್ಕವೇ ಇಲ್ಲ ಎನ್ನುತ್ತದೆ. ಆದರೆ ದಾರಿಯಲ್ಲಿನ ಮಧ್ಯವರ್ತಿ ಬ್ಯಾಂಕು 25 ಡಾಲರ್ ಮುರಿದುಕೊಳ್ಳುತ್ತದೆ, ಅದನ್ನು ತಪ್ಪಿಸಲು 2,200 ರೂಪಾಯಿ ಹೆಚ್ಚುವರಿ ಎಂದು ಕೆದಕಿ ಕೇಳಿದಾಗಷ್ಟೇ ತಿಳಿಯುತ್ತದೆ. ಅಲ್ಲಿಗೆ ಅವರ ಒಟ್ಟು 88,27,200. ಈಗ ಈ ಇಬ್ಬರ ಉತ್ತರವನ್ನೂ ಇಮೇಲಿನಲ್ಲಿ ತರಿಸಿಕೊಂಡು, ಅವನ್ನು ಹಿಡಿದು ಅಪ್ಪನ ಬ್ಯಾಂಕಿಗೆ ಮರಳಿ ಹೋಗು. ಅವರು ಟ್ರೆಷರಿಯನ್ನು ಕೇಳಿ 88.30ಕ್ಕೆ ಇಳಿದರೆ ಶುಲ್ಕ ಸೇರಿ 88,31,000 ಆಗುತ್ತದೆ. ಮೊದಲು ಹೇಳಿದ್ದಕ್ಕಿಂತ 1,10,000 ರೂಪಾಯಿ ಉಳಿತಾಯ. ಆನ್‌ಲೈನ್ ಸಂಸ್ಥೆ ಇನ್ನೂ 3,800 ಅಗ್ಗ, ನಿಜ. ಆದರೂ ನಾನಾಗಿದ್ದರೆ ಅಪ್ಪನ ಬ್ಯಾಂಕನ್ನೇ ಆರಿಸುತ್ತೇನೆ. ಅಲ್ಲಿ ಅವನ ಖಾತೆ ಹಳೆಯದು, ಹಣದ ಮೂಲ ಅವರಿಗೆ ಗೊತ್ತು. ಹೊಸಬರು ಕಾಗದಪತ್ರ ಕೇಳುತ್ತ ನಾಲ್ಕು ದಿನ ತಡಮಾಡಿದರೆ ಅಕ್ಕನ ನೋಂದಣಿಯ ದಿನವೇ ತಪ್ಪಿಹೋದೀತು.

ವಿನಿಮಯದ ಮೇಲಿನ ಜಿಎಸ್‌ಟಿ ಈ ಮೊತ್ತಕ್ಕೆ ಸುಮಾರು 2,400 ರೂಪಾಯಿ. ಅದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ. ಹಣ ಕಳುಹಿಸುವಾಗಲೇ ಬ್ಯಾಂಕು ಮುಂಗಡವಾಗಿ ವಸೂಲು ಮಾಡುವ ಟಿಸಿಎಸ್ ತೆರಿಗೆ ಕೂಡ ಹಾಗೆಯೇ, ಆದರೆ ಅದು ದೊಡ್ಡ ಮೊತ್ತ: ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷ ಮೀರಿದ ಭಾಗಕ್ಕೆ ಶೇ. 20, ಎಂದರೆ ನಿಮಗೆ ಹದಿನೈದೂವರೆ ಲಕ್ಷದ ಮೇಲೆ. ಅಪ್ಪನ ಆದಾಯ ತೆರಿಗೆ ಲೆಕ್ಕದಲ್ಲಿ ಅದು ಹೊಂದಿಕೆಯಾಗಿ ಉಳಿದದ್ದು ಮರಳಿ ಬರುತ್ತದೆ, ಆದರೂ ಕಳುಹಿಸುವ ದಿನ ಖಾತೆಯಲ್ಲಿ ಇರಲೇಬೇಕು.

ಇನ್ನೊಂದು ಮಾತು. ಫೋನಿನಲ್ಲಿ ಒಪ್ಪಿದ ದರ ಸಂಜೆ ಡೆಬಿಟ್ ಆಗುವಾಗ ಬೇರೆಯಾಗಿರುವುದುಂಟು. ವಿದೇಶಕ್ಕೆ ಹಣ ಕಳುಹಿಸಲು ತುಂಬುವ ಎ2 ಫಾರ್ಮ್, ಪ್ಯಾನ್, ಅಕ್ಕನ ಖಾತೆಯ ವಿವರ ಇವೆಲ್ಲವನ್ನೂ ಹಿಂದಿನ ದಿನವೇ ಕೊಟ್ಟು ಪರಿಶೀಲನೆ ಮುಗಿಸಿಕೊಂಡು, ದರ ಒಪ್ಪಿದ ಕೂಡಲೇ ಮೊತ್ತ, ದರ, ಶುಲ್ಕ, ಡೀಲ್ ಸಂಖ್ಯೆ ನಾಲ್ಕನ್ನೂ ಇಮೇಲಿನಲ್ಲಿ ತರಿಸಿಕೋ. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿರುವುದರಿಂದ ಅಂದು ಹೇಳುವ ದರದಲ್ಲಿ ಅಂತರ ಹೆಚ್ಚಿರುತ್ತದೆ. ವಾರದ ನಡುವೆ, ಬೆಳಗಿನ ಹೊತ್ತಿನಲ್ಲಿ ಮಾಡು.

ಮೂವರ ಉತ್ತರವೂ ಬಂದ ಮೇಲೆ, ಸಹಿ ಹಾಕುವ ಮೊದಲು ನನಗೊಮ್ಮೆ ಕಳುಹಿಸು, ಕೂಡಿ ನೋಡೋಣ.

ನಿನ್ನ ಪ್ರೀತಿಯ,
ದೊಡ್ಡಪ್ಪ