ನನ್ನ ತಲೆಗೇ ಬಿದ್ದ 18 ಟಿಕೆಟ್‌ಗಳು

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ನಿನ್ನೆ ರಾತ್ರಿಯೇ ನೋಡಿದೆ. "ಕೆಲಸ ಎಲ್ಲಾ ನನ್ನ ತಲೆಗೇ ಬೀಳುತ್ತೆ, ನಾಳೆ ಹೋಗಿ ಮ್ಯಾನೇಜರ್ ಮುಖಕ್ಕೇ ಹೇಳಿಬಿಡ್ತೀನಿ" ಅಂತ ಬರೆದಿದ್ದೀಯ. ಒಂದು ಮೂರು ವಾರ ತಡಿ ಮಾರಾಯ. ನಾನೂ ಒಂದು ಸಲ ಹಾಗೇ ಹೋಗಿದ್ದೆ. "ಎಲ್ಲಾ ಕೆಲಸ ನನಗೇ ಬರುತ್ತೆ" ಅಂದೆ. ಅವರು ಯಾರಿಗೆ ಎಷ್ಟು ಕೆಲಸ ಅಂತ ತೋರಿಸುವ ಬೋರ್ಡ್ ಕಂಪ್ಯೂಟರ್‌ನಲ್ಲಿ ತೆಗೆದು ತೋರಿಸಿದರು. ಐದು ಜನರ ಹೆಸರಿನ ಮುಂದೆಯೂ ವಾರಕ್ಕೆ ಹೆಚ್ಚುಕಮ್ಮಿ 20 ಟಿಕೆಟ್, ಅಂದರೆ ಗ್ರಾಹಕರ ದೂರುಗಳು! ಬಾಯಿ ಮುಚ್ಕೊಂಡು ವಾಪಸ್ ಬಂದೆ.

ಬೋರ್ಡ್ ಸುಳ್ಳು ಹೇಳುತ್ತಿರಲಿಲ್ಲ. ಅದು ಟಿಕೆಟ್ ಎಣಿಸುತ್ತಿತ್ತು, ಗಂಟೆ ಎಣಿಸುತ್ತಿರಲಿಲ್ಲ, ಅಷ್ಟೇ. ನಮ್ಮಲ್ಲಿ ಮಾಮೂಲಿ ದೂರು ಒಂದು ಗಂಟೆಯೊಳಗೆ ಮುಗಿಯುತ್ತದೆ. ರೀಫಂಡ್ ದೂರು ಹಾಗಲ್ಲ. ಹಳೇ ಬಿಲ್ ಹುಡುಕಬೇಕು, ಎರಡು ಕಡೆಯ ಲೆಕ್ಕ ತಾಳೆ ನೋಡಬೇಕು, ಗ್ರಾಹಕರಿಗೆ ಮತ್ತೆ ಮತ್ತೆ ಫೋನ್ ಮಾಡಬೇಕು. ಬೋರ್ಡ್‌ನಲ್ಲಿ ಮಾತ್ರ ಇದೂ ಒಂದು, ಅದೂ ಒಂದು.

ಅವತ್ತಿನಿಂದ ಮೂರು ವಾರ ಒಂದು ಶೀಟ್ ಇಟ್ಟೆ. ನಾಲ್ಕೇ ಕಾಲಂ: ದಿನ, ಟಿಕೆಟ್ ನಂಬರ್, ಹಿಡಿದ ಸಮಯ, ಯಾರಿಂದ ಬಂತು. ಒಂದೊಂದು ಕೆಲಸ ಮುಗಿದ ಕೂಡಲೇ ಬರೆದುಬಿಡು, ಸಂಜೆ ಕೂತು ನೆನಪು ಮಾಡ್ಕೊಂಡು ಬರೆಯಬೇಡ. ಸುಸ್ತಾದಾಗ ಎಲ್ಲವೂ ಮೂರು ಗಂಟೆ ಹಿಡಿದ ಹಾಗೇ ಅನಿಸುತ್ತದೆ.

ಮೂರು ವಾರಕ್ಕೆ ನಾನು ಮುಗಿಸಿದ್ದು 61 ಟಿಕೆಟ್. ಅದರಲ್ಲಿ 18 ರೀಫಂಡ್. ಆ 18ಕ್ಕೇ 63 ಗಂಟೆ, ಅಂದರೆ ಮೂರು ವಾರದ ಒಟ್ಟು 120 ಗಂಟೆ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ. ಆಮೇಲೆ ಬೋರ್ಡ್‌ನಲ್ಲಿ ರೀಫಂಡ್ ಮಾತ್ರ ಬರುವ ಹಾಗೆ ಫಿಲ್ಟರ್ ಹಾಕಿದೆ. ಇಡೀ ಟೀಮಿಗೆ ಬಂದಿದ್ದು 26. ನನಗೆ 18, ಉಳಿದ ನಾಲ್ಕು ಜನಕ್ಕೆ ಸೇರಿ 8. ಬೇರೆಯವರು ಎಷ್ಟು ಹೊತ್ತು ಕೆಲಸ ಮಾಡಿದರು ಅಂತ ನನಗೆ ಗೊತ್ತಿಲ್ಲ, ಹಾಗಾಗಿ ಅದರ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಬೋರ್ಡ್‌ನಲ್ಲಿ ಯಾರು ಬೇಕಾದರೂ ನೋಡಬಹುದಾದ್ದನ್ನು ಮಾತ್ರ ಇಟ್ಟೆ.

ಒಂದು ವಿಷಯ ಹೇಳೋಕೆ ನಾಚಿಕೆ. ಕೊನೆಯ ಕಾಲಂ ಎಣಿಸಿದರೆ, 18ರಲ್ಲಿ 5 ಟಿಕೆಟ್ ನಾನೇ ಮೇಲೆ ಬಿದ್ದು ತಗೊಂಡಿದ್ದೆ! ಪಕ್ಕದವರು "ಇದೊಂದು ನೋಡ್ತೀಯಾ?" ಅಂದರೆ "ಕೊಡಿ" ಅಂದುಬಿಡುತ್ತಿದ್ದೆ. ಉಳಿದ 13 ಹೇಗೆ ಬಂದವು? ಟಿಕೆಟ್ ಹಂಚುವವರು "ಹೋದ ಸಲ ಯಾರು ಮಾಡಿದ್ದರು" ಅಂತ ನೋಡಿ ಅವರಿಗೇ ಹಾಕುತ್ತಿದ್ದರು. ಮಾಡಿದವನಿಗೇ ಮತ್ತೆ ಮತ್ತೆ. ಯಾರಿಗೂ ನನ್ನ ಮೇಲೆ ಹಗೆ ಇರಲಿಲ್ಲ. ಅದು ಗೊತ್ತಾದ ಮೇಲೆ ನನ್ನ ಸಿಟ್ಟೂ ಅರ್ಧ ಇಳಿಯಿತು. ಆ 5ನ್ನು ಶೀಟಿನಿಂದ ತೆಗೆಯಲಿಲ್ಲ.

ಮ್ಯಾನೇಜರ್ ಹತ್ತಿರ ಮುಂಚೆಯೇ ಅರ್ಧ ಗಂಟೆ ಟೈಮ್ ಕೇಳಿ, ಒಬ್ಬನೇ ಹೋಗಿ ಕೂತೆ. "ರೀಫಂಡ್ ಟಿಕೆಟ್ ಹಂಚಿಕೆ ಬಗ್ಗೆ ಮಾತಾಡಬೇಕಿತ್ತು" ಅಂತ ಶುರು ಮಾಡಿದೆ. ಅವರು ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದಕ್ಕೆ ಆರು ಗಂಟೆ ಯಾಕೆ?" ಟಿಕೆಟ್ ತೆಗೆದು ತೋರಿಸಿದೆ. ಒಂದೇ ಗ್ರಾಹಕರ ಮೂರು ಬಿಲ್ ಗೋಜಲಾಗಿತ್ತು. ನಂಬರ್ ಬರೆದಿಟ್ಟಿರದಿದ್ದರೆ ಅಲ್ಲೇ ತೊದಲುತ್ತಿದ್ದೆ. ನಾನೇ ತಗೊಂಡ 5ರ ವಿಷಯಕ್ಕೆ ಬಂದಾಗ ಸಣ್ಣಗೆ ನಕ್ಕರು. ಅಲ್ಲಿಂದ ಮಾತು ಸಲೀಸಾಯಿತು.

ನಾನು ಕೇಳಿದ್ದು ಇಷ್ಟು: ರೀಫಂಡ್ ಟಿಕೆಟ್ ಐದೂ ಜನರಿಗೆ ಸರದಿಯಲ್ಲಿ ಬರಲಿ, ಒಬ್ಬೊಬ್ಬರ ಮೊದಲ ಎರಡಕ್ಕೆ ನಾನು ಪಕ್ಕದಲ್ಲಿ ಕೂತು ಹೇಳಿಕೊಡುತ್ತೇನೆ, ನಾಲ್ಕು ವಾರ ನೋಡೋಣ. ಅವರ ಭಯ ಬೇರೆ ಇತ್ತು. "ಹೊಸಬರು ಮಾಡಿದರೆ ಗ್ರಾಹಕರಿಗೆ ತಡ ಆಗಲ್ವಾ?" ಆಗುತ್ತೆ ಅಂತಲೇ ಹೇಳಿದೆ. ಒಂದು ದಿನದಲ್ಲಿ ಮುಗಿಯದಿದ್ದರೆ ನನಗೆ ಬರಲಿ ಅಂದೆ. ಕೊನೆಗೆ ಒಪ್ಪಿದ್ದು ಇಬ್ಬರಿಗೆ ಮಾತ್ರ. ಉಳಿದ ಇಬ್ಬರಲ್ಲಿ ಒಬ್ಬರು ರಜೆಗೆ ಹೊರಟಿದ್ದರು, ಇನ್ನೊಬ್ಬರಿಗೆ ಬೇರೆ ಪ್ರಾಜೆಕ್ಟ್. ಪೂರ್ತಿ ಸಿಗಲಿಲ್ಲ ಅಂತ ಜಗ್ಗಾಡಲಿಲ್ಲ. ಒಪ್ಪಿಕೊಂಡದ್ದನ್ನು ಅವತ್ತು ಸಂಜೆಯೇ ಐದು ಸಾಲಿನ ಮೇಲ್ ಮಾಡಿದೆ, ಯಾವ ದಿನ ಮತ್ತೆ ಕೂರುವುದು ಅನ್ನೋದೂ ಸೇರಿಸಿ. ಬರೆದಿಡದಿದ್ದರೆ ಎರಡು ವಾರದಲ್ಲಿ ಮರೆತೇಹೋಗುತ್ತೆ.

ಮೊದಲ ಎರಡು ವಾರ ಕೆಲಸ ಇನ್ನೂ ಜಾಸ್ತಿಯಾಯಿತು, ಕಲಿಸುವುದೂ ಸೇರಿತಲ್ಲ. ಮುಗಿಯಿತು ಅಂದುಕೊಂಡ ಒಂದು ಟಿಕೆಟ್ ಎರಡು ಸಲ ಮತ್ತೆ ತೆರೆಯಬೇಕಾಯಿತು. ನಾಲ್ಕನೇ ವಾರದ ಕೊನೆಗೆ ಎಣಿಸಿದರೆ 33 ರೀಫಂಡ್‌ನಲ್ಲಿ ನನ್ನ ಪಾಲು 13.

ನಿನ್ನ ಆಫೀಸಲ್ಲಿ ಟಿಕೆಟ್ ಇಲ್ಲ, ಗೊತ್ತು. ಆದರೆ ತಿಂಗಳ ಕೊನೆಯ ರಿಪೋರ್ಟ್ ಯಾವಾಗಲೂ ನಿನ್ನ ಕೈಗೇ ಬರುತ್ತೆ ಅಂದೆಯಲ್ಲ, ಅದರಿಂದ ಶುರು ಮಾಡು. ಮೊದಲ ವಾರದ ಶೀಟ್ ನನಗೆ ಕಳಿಸು, ಹೆಸರುಗಳನ್ನು ತೆಗೆದು. ಕೊನೆಯ ಕಾಲಂ ಮಾತ್ರ ಖಾಲಿ ಬಿಡಬೇಡ.

ನಿನ್ನ ಗೆಳೆಯ