ಬೆರಳು ಜಾಗ ಬಿಟ್ಟ ಮೇಲೆ ಒತ್ತಕ್ಷರ ಕಂಡಿತು

ವಿಷಯ: ನಾಲ್ಕನೇ ತರಗತಿಯಲ್ಲಿ ಓದುತ್ತಿರುವ ನಿಮ್ಮ ಮಗನ ಕನ್ನಡ ಓದಿನಲ್ಲಿ ಆಗಿರುವ ಸುಧಾರಣೆ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ನಿಮ್ಮ ಮಗ ತಾನು ಹಿಂದೆಂದೂ ನೋಡಿರದ 60 ಪದಗಳ ಒಂದು ಪುಟವನ್ನು 1 ನಿಮಿಷ 25 ಸೆಕೆಂಡಿನಲ್ಲಿ ಓದಿ ಮುಗಿಸಿದ. ತಪ್ಪಿದ್ದು 5 ಪದ. ಜೂನ್‌ನಲ್ಲಿ ಇಷ್ಟೇ ಉದ್ದದ, ಇಷ್ಟೇ ಕಷ್ಟದ ಪುಟಕ್ಕೆ ಅವನಿಗೆ 4 ನಿಮಿಷ 10 ಸೆಕೆಂಡ್ ಹಿಡಿದಿತ್ತು, 23 ಪದ ತಪ್ಪಿದ್ದವು. ನಿಮಿಷಕ್ಕೆ ಸರಿಯಾಗಿ ಓದಿದ ಪದಗಳ ಲೆಕ್ಕ ಹಾಕಿದರೆ ಆಗ 9, ಈಗ 39. ತರಗತಿ ಶಿಕ್ಷಕಿ ಈ ಲೆಕ್ಕ ತಂದು ತೋರಿಸಿದಾಗ, ಬರೀ ಅಂಕಿ ಹೇಳಿ ಬಿಟ್ಟರೆ ಸಾಲದು, ಏನು ಮಾಡಿದ್ದರಿಂದ ಹೀಗಾಯಿತು ಎಂಬುದೂ ನಿಮಗೆ ತಿಳಿಯಬೇಕು ಅನ್ನಿಸಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಇದರಲ್ಲಿ ನಿಮ್ಮ ಮನೆಯವರ ಪಾಲೂ ದೊಡ್ಡದಿದೆ.

ಮೊದಲಿಗೆ, ಜೂನ್‌ವರೆಗೆ ಈ ತೊಂದರೆ ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ ಅನ್ನುವುದು. ಪಠ್ಯಪುಸ್ತಕದ ಪಾಠವನ್ನು ಅವನು ಎಲ್ಲೂ ತಡವರಿಸದೆ ಓದುತ್ತಿದ್ದ. ತರಗತಿಯಲ್ಲಿ ಬೇರೆ ಮಕ್ಕಳು ನಾಲ್ಕೈದು ಸಲ ಓದಿದ್ದು ಕಿವಿಗೆ ಬಿದ್ದು ಅವನಿಗೆ ಪಾಠವೇ ಬಾಯಿಪಾಠವಾಗಿರುತ್ತಿತ್ತು. ಶಿಕ್ಷಕಿಗೆ ಅನುಮಾನ ಬಂದು ಅದೇ ಪಾಠದ ಕೊನೆಯ ಸಾಲಿನಿಂದ ಮೇಲಕ್ಕೆ ಒಂದೊಂದೇ ಪದ ತೋರಿಸಿ ಓದಿಸಿದರು. ಆಗ ಗೊತ್ತಾಯಿತು. ನಿಮ್ಮ ಚಿಕ್ಕ ಮಗಳು ಶಾಲೆಗೆ ಸೇರಿದ ಮೇಲೆ ನೀವೂ ಹೀಗೆ ನೋಡಬಹುದು: ಪದಗಳ ಸಾಲು ತಿರುವುಮುರುವಾದರೂ ಮಗು ಓದಿದರೆ ಅದು ಓದು, ಇಲ್ಲದಿದ್ದರೆ ನೆನಪು.

ಆ 23 ತಪ್ಪುಗಳನ್ನು ಶಿಕ್ಷಕಿ ಅವನು ಹೇಳಿದ ಹಾಗೆಯೇ ಬರೆದಿಟ್ಟುಕೊಂಡಿದ್ದರು. ಅದರಲ್ಲಿ 18 ಒತ್ತಕ್ಷರದ ಪದಗಳು. ಬಿಡಿ ಅಕ್ಷರವಾಗಲಿ ಕಾಗುಣಿತವಾಗಲಿ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. 'ಹಾಲು' ಎಂಬುದನ್ನು 'ಆಲು' ಎಂದು ಓದಿದ್ದನ್ನು ನಾವು ತಪ್ಪಿನ ಲೆಕ್ಕಕ್ಕೆ ಸೇರಿಸಲಿಲ್ಲ. ಅದು ಮನೆಮಾತು, ಓದಿನ ದೋಷವಲ್ಲ. ನೀವೂ ಅದಕ್ಕಾಗಿ ಅವನನ್ನು ತಡೆಯಬೇಡಿ.

ಒತ್ತಕ್ಷರದ ತಪ್ಪುಗಳಲ್ಲಿ ಎರಡು ಬಗೆ ಇದ್ದವು. ಒಂದರಲ್ಲಿ ಒತ್ತು ಮಾಯವೇ ಆಗುತ್ತಿತ್ತು: 'ಪುಸ್ತಕ' ಹೋಗಿ 'ಪುಸಕ', 'ಕತ್ತೆ' ಹೋಗಿ 'ಕತೆ'. ಇನ್ನೊಂದರಲ್ಲಿ ಒತ್ತು ಕಾಣುತ್ತಿತ್ತು, ಆದರೆ ಸ್ವರ ಜಾಗ ತಪ್ಪುತ್ತಿತ್ತು. 'ಹಳ್ಳಿ' ಎಂಬುದನ್ನು 'ಹಳಿಳ' ಎನ್ನುತ್ತಿದ್ದ, 'ಎಷ್ಟು' ಎಂಬುದನ್ನು 'ಎಷುಟ'. ಇದು ಗಮನವಿಲ್ಲದೆ ಆಗುವ ತಪ್ಪಲ್ಲ. ಕಾಗದದ ಮೇಲೆ 'ಹಳ್ಳಿ' ಹೇಗೆ ಕೂತಿದೆ ನೋಡಿ. ಗುಡಿಸು ಮೇಲಿನ ಳಕಾರಕ್ಕೆ ಅಂಟಿಕೊಂಡಿದೆ, ಇನ್ನೊಂದು ಳಕಾರ ಬರಿದಾಗಿ ಕೆಳಗೆ ತೂಗುತ್ತಿದೆ. ಬಾಯಲ್ಲಿ ಮಾತ್ರ ಮೇಲಿನದು ಬರಿಯ 'ಳ್' ಆಗಿ, 'ಇ' ಕೆಳಗಿನದಕ್ಕೆ ಸೇರಬೇಕು. ಮೂರು ವರ್ಷ ಕಂಡದ್ದನ್ನು ಕಂಡ ಹಾಗೆ ಹೇಳಿಸಿ ಅಭ್ಯಾಸ ಮಾಡಿಸಿದ ಮೇಲೆ, ಇಲ್ಲಿ ಮಾತ್ರ ಮೇಲಿನ ಸ್ವರವನ್ನು ಕೆಳಗಿಳಿಸಿ ಹೇಳು ಎಂದು ಯಾರೂ ಬಿಡಿಸಿ ಹೇಳದಿದ್ದರೆ 'ಹಳಿಳ' ಎನ್ನುವುದೇ ಮಗುವಿನ ಮಟ್ಟಿಗೆ ಸರಿಯಾದ ಓದು.

ಜುಲೈನಲ್ಲಿ ನಾವು ಮಾಡಿದ ಕೆಲಸದಿಂದ ಏನೂ ಪ್ರಯೋಜನವಾಗಲಿಲ್ಲ. ದಿನಕ್ಕೆ 20 ಒತ್ತಕ್ಷರದ ಪದ, ಒಂದೊಂದನ್ನೂ 5 ಸಲ ಕಾಪಿ ಬರೆಯಬೇಕು. ಅವನು ಚಾಚೂ ತಪ್ಪದೆ ಬರೆದು ತರುತ್ತಿದ್ದ, ಓದು ಮಾತ್ರ ಇದ್ದಲ್ಲೇ ಇತ್ತು. ಅವನು ಬರೆಯುವಾಗ ಪಕ್ಕದಲ್ಲಿ ನಿಂತು ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಮೊದಲು ಐದು ಸಾಲಿನಲ್ಲೂ ಮೇಲಿಂದ ಕೆಳಕ್ಕೆ 'ಹ', ಆಮೇಲೆ ಐದು ಸಲ 'ಳಿ', ಕೊನೆಗೆ ಐದಕ್ಕೂ ಒತ್ತು. ಕೈ ರಂಗೋಲಿಯ ಎಳೆ ಎಳೆಯುತ್ತಿತ್ತು, ಬಾಯಲ್ಲಿ ಪದವೇ ಇರಲಿಲ್ಲ. ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಿದೆವು.

ಅವನು ಓದುವಾಗ ಬೆರಳು ಎಲ್ಲಿಡುತ್ತಾನೆ ಎಂಬುದನ್ನು ಶಿಕ್ಷಕಿ ಗಮನಿಸಿದ್ದೂ ಆ ತಿಂಗಳಲ್ಲೇ. ಎಲ್ಲ ಮಕ್ಕಳಂತೆ ಅವನೂ ಅಕ್ಷರದ ಕೆಳಗೆ ತೋರುಬೆರಳು ಒತ್ತಿ ಸರಿಸುತ್ತಿದ್ದ. ಒತ್ತು ಇರುವುದೂ ಅಲ್ಲೇ! ಅವನ ಬೆರಳಿನಡಿ 'ಕತ್ತೆ' ನಿಜವಾಗಿಯೂ 'ಕತೆ' ಆಗಿತ್ತು. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಕಣ್ಣು ಸರಿ ಇದೆ ಎಂದಾಗಿತ್ತು. ಕಾಣದೆ ಹೋಗುತ್ತಿದ್ದುದು ಕಣ್ಣಿನ ದೋಷದಿಂದಲ್ಲ ಎಂಬುದು ಆಗ ಅರ್ಥವಾಯಿತು. ಮದುವೆ ಕಾರ್ಡಿನ ರಟ್ಟಿನಿಂದ ಒಂದು ಗೇಣು ಉದ್ದ, ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಅದನ್ನು ಸಾಲಿನ ಮೇಲ್ಗಡೆ ಇಟ್ಟು ಓದಲು ಹೇಳಿದೆವು. ಓದಿ ಮುಗಿದ ಸಾಲುಗಳು ಪಟ್ಟಿಯಡಿ ಹೋಗುತ್ತವೆ, ಓದುವ ಸಾಲಿನ ಕೆಳಭಾಗ ಬಯಲಾಗಿರುತ್ತದೆ. ಪಟ್ಟಿಯನ್ನು ಸಾಲಿಗೆ ಪೂರ್ತಿ ತಾಗಿಸಬಾರದು, ತಲೆಕಟ್ಟು, ಗುಡಿಸು ಕಾಣುವಷ್ಟು ಸಂದು ಇರಬೇಕು. ಎರಡು ವಾರದಲ್ಲಿ ಮೊದಲ ಬಗೆಯ ತಪ್ಪು, ಅಂದರೆ ಒತ್ತನ್ನು ನುಂಗುವುದು, ಅರ್ಧಕ್ಕಿಂತ ಕಡಿಮೆಯಾಯಿತು. ಇಡೀ ವರ್ಷ ಮಾಡಿದ್ದರಲ್ಲಿ ಇದೇ ಹೆಚ್ಚು ಫಲ ಕೊಟ್ಟಿತು ಎಂಬುದು ನನ್ನ ಅಂದಾಜು. ಹಲವು ಕೆಲಸ ಒಟ್ಟಿಗೆ ನಡೆದಿದ್ದರಿಂದ ಖಡಾಖಂಡಿತವಾಗಿ ಹೇಳಲಾರೆ.

ಎರಡನೇ ಬಗೆಯ ತಪ್ಪಿಗೆ ಪಟ್ಟಿ ಸಾಲುತ್ತಿರಲಿಲ್ಲ. ಅದಕ್ಕೆ ಜೋಡಿ ಪದಗಳನ್ನು ಹಿಡಿದೆವು: ಹಳಿ – ಹಳ್ಳಿ, ಬಳಿ – ಬಳ್ಳಿ, ಎಲೆ – ಎಲ್ಲೆ, ಕೊಳ – ಕೊಳ್ಳ. ಎರಡಕ್ಕೂ ಅರ್ಥವಿರುವ ಜೋಡಿಯೇ ಆಗಬೇಕು, ಆಗಲೇ ಒತ್ತು ಬಿಟ್ಟರೆ ಮಾತೇ ಬದಲಾಗುತ್ತದೆ ಎಂಬುದು ಮಗುವಿಗೆ ತಟ್ಟುವುದು. ಮೊದಲು ಪುಸ್ತಕ ಮುಚ್ಚಿ ಚಪ್ಪಾಳೆ ತಟ್ಟಿ ಹೇಳಿಸಿದೆವು. 'ಹ-ಳಿ' ಸಲೀಸಾಗಿ ಹೋಗುತ್ತದೆ. 'ಹಳ್-ಳಿ' ಎನ್ನುವಾಗ ನಾಲಿಗೆ ಮೊದಲ ಚಪ್ಪಾಳೆಯಲ್ಲಿ ಒಂದು ಗಳಿಗೆ ಅಂಗುಳಕ್ಕೆ ಅಂಟಿ ನಿಲ್ಲುತ್ತದೆ. ಆ ನಿಲುಗಡೆ ಬಾಯಿಗೆ ಗೊತ್ತಾದ ಮೇಲೆ ಸ್ಲೇಟಿನ ಮೇಲೆ ಒಡೆದು ಬರೆಸಿದೆವು: ಹಳ್ + ಳಿ. ಆಮೇಲೆ ಕೂಡಿಸಿ 'ಹಳ್ಳಿ'. ದಿನಕ್ಕೆ 5 ಪದ, ಒಂದೊಂದು ಸಲ ಮಾತ್ರ, ಬಾಯಲ್ಲಿ ಒಡೆದು ಹೇಳಿದ ಮೇಲೆಯೇ ಬಳಪ ಹಿಡಿಯಬೇಕು. 100 ಸಲ ಬರೆದದ್ದಕ್ಕಿಂತ ಈ ಐದು ಪದ ಹೆಚ್ಚು ಕೆಲಸ ಮಾಡಿದವು.

ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಸಜಾತೀಯ ಪದಗಳನ್ನು ದಸರಾ ರಜೆಯವರೆಗೂ ಬಿಡಲಿಲ್ಲ. ರಜೆ ಮುಗಿದ ಮೇಲೆ 'ಪುಸ್ತಕ', 'ಚಕ್ರ', 'ರಾಜ್ಯ'ದಂಥ ವಿಜಾತೀಯ ಪದಗಳಿಗೆ ಬಂದೆವು. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲ. ಹಾಗಾಗಿ ಅವನ್ನು ಮಾತ್ರ ಬೇರೆಯಾಗಿ, ವಾರಕ್ಕೆ ಒಂದರಂತೆ ಕಲಿಸಬೇಕಾಯಿತು. ಉಳಿದವು ತಲೆಕಟ್ಟು ಕಳಚಿಕೊಂಡ ಅದೇ ಅಕ್ಷರಗಳು, ತಾವಾಗಿಯೇ ಬಂದವು.

ಇನ್ನು ಮನೆಯ ವಿಷಯ. ಸೆಪ್ಟೆಂಬರ್‌ನ ಪೋಷಕರ ಸಭೆಯಲ್ಲಿ ನೀವು ಒಪ್ಪಿಕೊಂಡ ಹಾಗೆ ಸಂಜೆ 10 ನಿಮಿಷದ ಓದು ನಡೆಸಿಕೊಂಡು ಬಂದಿದ್ದೀರಿ. ಕಳಿಸಿದ ಚೀಟಿಯಲ್ಲಿ ಗುರುತು ಹಾಕಿದ್ದನ್ನು ನೋಡಿದರೆ ವಾರಕ್ಕೆ ನಾಲ್ಕೈದು ದಿನ ತಪ್ಪಿಲ್ಲ. ಅದಕ್ಕಿಂತ ನನಗೆ ಹಿಡಿಸಿದ್ದು ಅಂಗಡಿ ಸಾಮಾನಿನ ಚೀಟಿಯನ್ನು ಅವನ ಕೈಲಿ ಓದಿಸಿದ ನಿಮ್ಮ ಉಪಾಯ. ಅಕ್ಕಿ, ಬೆಲ್ಲ, ಎಣ್ಣೆ, ಉಪ್ಪು, ಬೆಳ್ಳುಳ್ಳಿ, ರಾಗಿ ಹಿಟ್ಟು: ಸಜಾತೀಯ ಒತ್ತಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾವೂ ಬರೆಯಲಾರೆವು. ಆ ಪಟ್ಟಿಯನ್ನು ಈಗ ಮೂರನೇ ತರಗತಿಯ ಗೋಡೆಗೂ ಅಂಟಿಸಿದ್ದೇವೆ.

ಅಜ್ಜಿಯವರಿಗೆ ವಿಶೇಷವಾಗಿ ತಿಳಿಸಿ. ತಮಗೆ ಓದು ಬರುವುದಿಲ್ಲ, ತಾವು ಕೂತು ಏನು ಪ್ರಯೋಜನ ಎಂದು ಅವರು ಸಭೆಯಲ್ಲಿ ಕೇಳಿದ್ದರು. ಪ್ರಯೋಜನವಾದದ್ದು ಅದರಿಂದಲೇ. ಮೊದಲು ಅಕ್ಕನ ಪಕ್ಕ ಕೂತು ಓದುವಾಗ, ಅವನು ಎಡವಿದ ಕೂಡಲೇ ಅವಳು ಪದ ಹೇಳಿಬಿಡುತ್ತಿದ್ದಳು, ಇವನು ಅದನ್ನೇ ಒಪ್ಪಿಸಿ ಮುಂದೆ ಹೋಗುತ್ತಿದ್ದ. ಅಜ್ಜಿ ಪುಸ್ತಕ ನೋಡುವುದಿಲ್ಲ, ಮಾತು ಕೇಳುತ್ತಾರೆ. 'ಹಳಿಳ' ಎಂದರೆ "ಹಂಗಂದ್ರೇನೋ ಮಗಾ?" ಎಂದು ಕೇಳುತ್ತಾರಂತೆ. ಅವನು ತಾನೇ ಹಿಂದಕ್ಕೆ ಹೋಗಿ ಒಡೆದು ನೋಡಿ ತಿದ್ದಿಕೊಳ್ಳುತ್ತಾನೆ. ಈಗ ತರಗತಿಯಲ್ಲೂ ಯಾರೂ ಹೇಳದೆ ಹಾಗೆ ಮಾಡುತ್ತಿದ್ದಾನೆ. ಅಕ್ಕನಿಗೂ ಇಷ್ಟು ಹೇಳಿ: ತಮ್ಮ ನಿಂತಲ್ಲಿ ಮನಸ್ಸಿನಲ್ಲೇ ಐದು ಎಣಿಸಲಿ, ಆಮೇಲೂ ಬರದಿದ್ದರೆ ಹೇಳಿಕೊಡಲಿ.

ಉಳಿದಿರುವುದು ಅರ್ಕಾವತ್ತು. ಕಳೆದ ವಾರದ 5 ತಪ್ಪಿನಲ್ಲಿ 3 ಅದರವು. 'ಸೂರ್ಯ' ಇನ್ನೂ 'ಸೂಯರ' ಆಗುತ್ತಿದೆ, ಏಕೆಂದರೆ ಗುರುತು ಯಕಾರದ ನಂತರ ಬರುತ್ತದೆ, 'ರ್' ಸದ್ದು ಯಕಾರದ ಮೊದಲು ಬರುತ್ತದೆ. ಇದಕ್ಕೂ ಒಡೆದು ಹೇಳುವುದೇ ದಾರಿ: ಸೂರ್ + ಯ, ವರ್ + ಷ. ಮಾರ್ಚ್‌ನಲ್ಲಿ ಶಾಲೆಯಲ್ಲಿ ಇದನ್ನೇ ಮಾಡಿಸುತ್ತೇವೆ. ಬಸ್ ನಿಲ್ದಾಣದಲ್ಲಿ ನಿಂತಾಗ 'ಚಿತ್ರದುರ್ಗ', 'ಹೊಸದುರ್ಗ'ದ ಬೋರ್ಡು ಬಂದರೆ ಓದಿಸಿ ನೋಡಿ. ಊರಿನ ಹೆಸರು ಮೊದಲೇ ಗೊತ್ತಿರುವುದರಿಂದ ಊಹಿಸಿ ಹೇಳಬಹುದು, ಹಾಗಾಗಿ ಮನೆಗೆ ಬಂದ ಮೇಲೆ ಅದೇ ಪದವನ್ನು ಸ್ಲೇಟಿನ ಮೇಲೆ ಬರೆಸಿ. ಗುರುತು ಸರಿಯಾದ ಕಡೆ ಬಿದ್ದರೆ ತಿಳಿದು ಓದಿದ್ದಾನೆ ಎಂದರ್ಥ.

ಏಪ್ರಿಲ್, ಮೇ ಬೇಸಿಗೆ ರಜೆಯಲ್ಲಿ ಓದು ಹಿಂದೆ ಬೀಳುವ ಸಂಭವ ಹೆಚ್ಚು. ರಜೆಗೆ ಮುಂಚೆ ಶಾಲಾ ಗ್ರಂಥಾಲಯದಿಂದ ಮೂರು ಸಣ್ಣ ಕತೆ ಪುಸ್ತಕ ಕೊಟ್ಟು ಕಳಿಸುತ್ತೇವೆ. ದಿನಕ್ಕೊಂದು ಹೊಸ ಪುಟ ಬೇಡ. ಒಂದೇ ಪುಟವನ್ನು ಮೂರು ಸಂಜೆ ಓದಲಿ, ನಾಲ್ಕನೇ ಸಂಜೆ ಮುಂದಿನ ಪುಟ. ಗಡಿಯಾರ ಹಿಡಿದು ಅವಸರ ಮಾಡಬೇಡಿ, ವೇಗಕ್ಕೆ ಬಿದ್ದರೆ ಅವನು ಮತ್ತೆ ಊಹೆಗೆ ಹೋಗುತ್ತಾನೆ. ರಟ್ಟಿನ ಪಟ್ಟಿ ಇತ್ತೀಚೆಗೆ ಅವನು ತಾನಾಗಿಯೇ ಬಿಡುತ್ತಿದ್ದಾನೆ, ಬಿಡಲಿ. ಬೆರಳು ಮಾತ್ರ ಮತ್ತೆ ಅಕ್ಷರದ ಕೆಳಗೆ ಹೋಗುತ್ತಿದೆಯೇ ನೋಡುತ್ತಿರಿ, ಹೋದರೆ ಪಟ್ಟಿಯನ್ನು ಒಂದು ವಾರ ಮತ್ತೆ ಕೈಗೆ ಕೊಡಿ.

ಅವನ ಜೂನ್ ಮತ್ತು ಫೆಬ್ರವರಿಯ ಓದಿನ ಹಾಳೆ ಎರಡೂ ಶಿಕ್ಷಕಿಯ ಬಳಿ ಇವೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬಂದರೆ ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಅಜ್ಜಿಯವರನ್ನೂ ಕರೆದುಕೊಂಡು ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ